ಕೀಮೋ ಚಿಕಿತ್ಸೆಯ ಕಾಲದಲ್ಲಿ ಶಕ್ತಿಮಾತ್ರೆ: ಹೇಳದೆ ಉಳಿದ ಮಾತು

ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಎಂದು ತಿಳಿದ ಮೇಲೆ ನೆಂಟರಿಷ್ಟರು ನೋಡಲು ಬರುತ್ತಾರೆ. ಬರುವವರು ಬರಿಗೈಯಲ್ಲಿ ಬರುವುದಿಲ್ಲ. ಒಬ್ಬರು ಹಣ್ಣು ತಂದರೆ ಇನ್ನೊಬ್ಬರು ಔಷಧಿ ಅಂಗಡಿಯಿಂದ ವಿಟಮಿನ್ ಮಾತ್ರೆ ತರುತ್ತಾರೆ. ಗಲ್ಫಿನಲ್ಲಿರುವ ಮಗನೋ ಅಳಿಯನೋ ದೊಡ್ಡ ಡಬ್ಬವನ್ನೇ ಕಳುಹಿಸುತ್ತಾನೆ. ಡಬ್ಬದ ಮೇಲೆ ‘ಆಂಟಿಆಕ್ಸಿಡೆಂಟ್’ ಎಂದು ದಪ್ಪ ಅಕ್ಷರಗಳಲ್ಲಿ ಬರೆದಿರುತ್ತದೆ. ರೋಗಿ ಸೊರಗಿರುವುದನ್ನು ನೋಡಿದ ಮನೆಯವರು ಅದನ್ನು ಪ್ರೀತಿಯಿಂದಲೇ ಕೊಡುತ್ತಾರೆ. ಆಸ್ಪತ್ರೆಯಲ್ಲಿ ವೈದ್ಯರು, “ಬೇರೆ ಔಷಧಿ ಏನಾದರೂ ಉಂಟೇ?” ಎಂದು ಕೇಳಿದಾಗ, “ಇಲ್ಲ ಡಾಕ್ಟ್ರೇ” ಎನ್ನುತ್ತಾರೆ. ಅದು ಸುಳ್ಳು ಹೇಳುವ ಉದ್ದೇಶದಿಂದಲ್ಲ. ವಿಟಮಿನ್ ಮಾತ್ರೆ ಅವರ ಲೆಕ್ಕದಲ್ಲಿ ಔಷಧಿಯೇ ಅಲ್ಲ.

ಈ ಒಂದು ‘ಇಲ್ಲ’ ಎಂಬ ಉತ್ತರದ ಹಿಂದೆ ಎಂತಹ ಅಪಾಯ ಅಡಗಿರಬಹುದು ಎಂಬುದನ್ನು ಈ ಲೇಖನದಲ್ಲಿ ನೋಡೋಣ. ವಿದ್ಯಾರ್ಥಿಗಳಿಗೆ ಇದನ್ನೇಕೆ ಹೇಳಬೇಕು ಎಂದು ಹಿರಿಯರು ಕೇಳಬಹುದು. ನಮ್ಮ ಎಷ್ಟೋ ಮನೆಗಳಲ್ಲಿ ಡಬ್ಬದ ಮೇಲಿನ ಇಂಗ್ಲಿಷ್ ಬರಹವನ್ನೂ ಆಸ್ಪತ್ರೆಯ ಚೀಟಿಯ ಮಲಯಾಳವನ್ನೂ ಓದಿ ಹೇಳುವವರು ಶಾಲೆಗೆ ಹೋಗುವ ಮಕ್ಕಳೇ. ಆದುದರಿಂದ ಇದು ಅವರಿಗೂ ಸೇರಿದ ವಿಷಯ.

ಕೀಮೋ ಔಷಧಿ ಮಾಡುವ ಕೆಲಸ

ಎಲ್ಲಾ ಕ್ಯಾನ್ಸರಿಗೂ ಒಂದೇ ಔಷಧಿ ಇಲ್ಲ. ಆದುದರಿಂದ ಒಂದೇ ಉದಾಹರಣೆಯನ್ನು ಹಿಡಿದು ಮುಂದುವರಿಯೋಣ. ನಮ್ಮ ಕಡೆಯ ಯಾವ ಮನೆಯಲ್ಲಾದರೂ ಇರಬಹುದಾದ ಒಬ್ಬ ತಾಯಿಯನ್ನು ಕಲ್ಪಿಸಿಕೊಳ್ಳಿ. ವಯಸ್ಸು 48, ಎತ್ತರ 152 ಸೆಂಟಿಮೀಟರ್, ತೂಕ 53 ಕಿಲೋಗ್ರಾಂ. ಸ್ತನ ಕ್ಯಾನ್ಸರಿಗೆ ಶಸ್ತ್ರಕ್ರಿಯೆ ಮುಗಿದಿದೆ. ಕಣ್ಣಿಗೆ ಕಾಣದೆ ಉಳಿದಿರಬಹುದಾದ ಕ್ಯಾನ್ಸರ್ ಜೀವಕೋಶಗಳನ್ನು ಕೊಲ್ಲುವುದಕ್ಕಾಗಿ ಕೀಮೋಥೆರಪಿ ಆರಂಭವಾಗಿದೆ.

ಇಂತಹವರಿಗೆ ಬಹಳ ಕಾಲದಿಂದ ಕೊಡುತ್ತಾ ಬಂದಿರುವ ಒಂದು ಜೋಡಿ ಔಷಧಿ ಡಾಕ್ಸೊರುಬಿಸಿನ್ ಮತ್ತು ಸೈಕ್ಲೋಫಾಸ್ಫಮೈಡ್. ಇವುಗಳ ಪ್ರಮಾಣವನ್ನು ದೇಹದ ಮೇಲ್ಮೈಯ ವಿಸ್ತೀರ್ಣ ನೋಡಿ ಗೊತ್ತುಮಾಡುತ್ತಾರೆ. ಮೇಲೆ ಹೇಳಿದ ಎತ್ತರ ಮತ್ತು ತೂಕಕ್ಕೆ ಆ ವಿಸ್ತೀರ್ಣ ಸುಮಾರು 1.5 ಚದರ ಮೀಟರ್. ಒಂದು ಚದರ ಮೀಟರಿಗೆ 60 ಮಿಲಿಗ್ರಾಂ ಡಾಕ್ಸೊರುಬಿಸಿನ್ ಎಂಬುದು ರೂಢಿಯ ಪ್ರಮಾಣ. ಆದುದರಿಂದ ಈ ತಾಯಿಗೆ ಒಂದು ಸಲಕ್ಕೆ 90 ಮಿಲಿಗ್ರಾಂ ಡಾಕ್ಸೊರುಬಿಸಿನ್. ಅದರ ಜೊತೆಗೆ 900 ಮಿಲಿಗ್ರಾಂ ಸೈಕ್ಲೋಫಾಸ್ಫಮೈಡ್. 21 ದಿನಗಳಿಗೊಮ್ಮೆ ಹೀಗೆ ನಾಲ್ಕು ಸಲ. ಇಷ್ಟು ಸೂಕ್ಷ್ಮವಾಗಿ ಅಳೆದು ಕೊಡುವುದೇಕೆ? ಪ್ರಮಾಣ ಕಡಿಮೆಯಾದರೆ ರೋಗ ಉಳಿಯುತ್ತದೆ, ಹೆಚ್ಚಾದರೆ ರೋಗಿ ಉಳಿಯುವುದು ಕಷ್ಟ. ಇವೆರಡರ ನಡುವಿನ ದಾರಿ ಬಹಳ ಇಕ್ಕಟ್ಟು.

ಡಾಕ್ಸೊರುಬಿಸಿನ್ ಕೆಂಪು ಬಣ್ಣದ ದ್ರವ. ಅದನ್ನು ಕೊಟ್ಟ ಬಳಿಕ ಒಂದೆರಡು ದಿನ ಮೂತ್ರವೂ ಕೆಂಪಾಗಿ ಹೋಗುವುದುಂಟು. ರಕ್ತನಾಳದ ಮೂಲಕ ಒಳಸೇರಿದ ಈ ಔಷಧಿ ಜೀವಕೋಶದ ಕೇಂದ್ರವನ್ನು ಹೊಕ್ಕು ಮುಖ್ಯವಾಗಿ ಎರಡು ರೀತಿಯಲ್ಲಿ ಕೆಲಸ ಮಾಡುತ್ತದೆ. ಜೀವಕೋಶ ಎರಡಾಗುವಾಗ ಡಿಎನ್‌ಎ ಎಂಬ ಹುರಿಯನ್ನು ಕತ್ತರಿಸಿ ಸಿಕ್ಕು ಬಿಡಿಸಿ ಮತ್ತೆ ಕೂಡಿಸುವ ಒಂದು ಕಿಣ್ವವಿದೆ. ಅದನ್ನು ಹಿಡಿದು ನಿಲ್ಲಿಸಿ, ಹುರಿಯು ತುಂಡಾಗಿಯೇ ಉಳಿಯುವಂತೆ ಮಾಡುವುದು ಮೊದಲನೆಯ ರೀತಿ. ದೇಹದಲ್ಲಿರುವ ಕಬ್ಬಿಣ ಮತ್ತು ಆಮ್ಲಜನಕದ ನೆರವಿನಿಂದ ‘ಫ್ರೀ ರ್‍ಯಾಡಿಕಲ್’ ಎಂಬ ಉಗ್ರ ಕಣಗಳನ್ನು ಹುಟ್ಟಿಸುವುದು ಎರಡನೆಯ ರೀತಿ. ಎಲೆಕ್ಟ್ರಾನು ಒಂಟಿಯಾಗಿ ಉಳಿದಿರುವ ಈ ಕಣಗಳು ಪಕ್ಕದಲ್ಲಿ ಸಿಕ್ಕಿದ ಅಣುವಿನಿಂದ ಎಲೆಕ್ಟ್ರಾನನ್ನು ಕಿತ್ತುಕೊಳ್ಳುತ್ತವೆ. ಹೀಗೆ ಕಿತ್ತುಕೊಂಡಾಗ ಡಿಎನ್‌ಎಗೂ ಜೀವಕೋಶದ ಹೊದಿಕೆಗೂ ಪೆಟ್ಟು ಬೀಳುತ್ತದೆ. ಪೆಟ್ಟು ಮಿತಿಮೀರಿದಾಗ ಜೀವಕೋಶ ತಾನಾಗಿಯೇ ಸಾಯುವ ಹಾದಿ ಹಿಡಿಯುತ್ತದೆ.

ಎಲ್ಲ ಕೀಮೋ ಔಷಧಿಗಳೂ ಹೀಗೆಯೇ ಕೆಲಸ ಮಾಡುತ್ತವೆ ಎನ್ನುವಂತಿಲ್ಲ. ಡಾಕ್ಸೊರುಬಿಸಿನ್ನಿನಲ್ಲಿಯೂ ಈ ಎರಡರಲ್ಲಿ ಯಾವುದರ ಪಾಲು ಎಷ್ಟು ಎಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಇದೆ. ಬ್ಲಿಯೊಮೈಸಿನ್ ಎಂಬ ಇನ್ನೊಂದು ಔಷಧಿಯಂತೂ ಕಬ್ಬಿಣ ಮತ್ತು ಆಮ್ಲಜನಕ ಇಲ್ಲದಿದ್ದರೆ ಡಿಎನ್‌ಎಯನ್ನು ಕತ್ತರಿಸಲಾರದು. ವಿಕಿರಣ ಚಿಕಿತ್ಸೆಯೂ ಬಹುಮಟ್ಟಿಗೆ ಈ ಉಗ್ರ ಕಣಗಳ ಮೂಲಕವೇ ಕೆಲಸ ಮಾಡುತ್ತದೆ.

ಆಂಟಿಆಕ್ಸಿಡೆಂಟ್ ಎಂದರೆ ಏನು?

ಅಡುಗೆಮನೆಯಲ್ಲಿ ಬದನೆಯನ್ನೋ ಸೇಬನ್ನೋ ಕತ್ತರಿಸಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಗಾಳಿಯ ಆಮ್ಲಜನಕ ತಾಗಿ ಆಗುವ ಈ ಬದಲಾವಣೆಯನ್ನು ವಿಜ್ಞಾನದ ಪಾಠದಲ್ಲಿ ಉತ್ಕರ್ಷಣ ಎಂದು ಓದಿದ್ದೀರಿ. ಕತ್ತರಿಸಿದ ಸೇಬಿಗೆ ನಿಂಬೆರಸ ಸವರಿದರೆ ಅದು ಬೇಗನೆ ಕಪ್ಪಾಗುವುದಿಲ್ಲ. ನಿಂಬೆಯ ಹುಳಿಯೂ ಅದರಲ್ಲಿರುವ ವಿಟಮಿನ್ ಸಿಯೂ ಸೇರಿ ಉತ್ಕರ್ಷಣವನ್ನು ತಡೆಯುತ್ತವೆ. ಹೀಗೆ ತಡೆಯುವ ವಸ್ತುವೇ ಉತ್ಕರ್ಷಣ ನಿರೋಧಕ, ಅಂದರೆ ಆಂಟಿಆಕ್ಸಿಡೆಂಟ್. ಅದು ತನ್ನ ಎಲೆಕ್ಟ್ರಾನನ್ನು ಉಗ್ರ ಕಣಕ್ಕೆ ದಾನ ಮಾಡಿ ಅದನ್ನು ಶಾಂತಗೊಳಿಸುತ್ತದೆ. ವಿಟಮಿನ್ ಸಿ, ವಿಟಮಿನ್ ಇ, ಕ್ಯಾರೆಟ್ಟಿನ ಬಣ್ಣವಾದ ಬೀಟಾ ಕ್ಯಾರೊಟಿನ್, ಕೋಎನ್‌ಜೈಮ್ ಕ್ಯೂ-10, ಗ್ಲೂಟಾಥಯೋನ್, ಅರಸಿನದ ಕರ್ಕ್ಯುಮಿನ್ ಇವೆಲ್ಲ ಈ ಗುಂಪಿಗೆ ಸೇರುತ್ತವೆ.

ಆರೋಗ್ಯವಂತನ ದೇಹಕ್ಕೆ ಇವು ಬೇಕು. ಆದರೆ ಈಗ ಒಂದು ಪ್ರಶ್ನೆ ಏಳುತ್ತದೆ. ಔಷಧಿಯು ಉಗ್ರ ಕಣಗಳನ್ನು ಹುಟ್ಟಿಸಿ ಕ್ಯಾನ್ಸರ್ ಜೀವಕೋಶವನ್ನು ಕೊಲ್ಲಲು ಹೊರಟಿರುವಾಗ, ಅದೇ ಕಣಗಳನ್ನು ಶಾಂತಗೊಳಿಸುವ ಮಾತ್ರೆಯನ್ನು ನಾವು ನುಂಗಿಸಿದರೆ ಏನಾದೀತು? ಒಬ್ಬ ಒಲೆಗೆ ಸೌದೆ ತುಂಬುತ್ತಿರುವಾಗ ಇನ್ನೊಬ್ಬ ಅದೇ ಒಲೆಗೆ ನೀರು ಚಿಮುಕಿಸಿದ ಹಾಗಾಗುವುದಿಲ್ಲವೇ?

“ಆ ಮಾತ್ರೆ ಒಳ್ಳೆಯ ಜೀವಕೋಶವನ್ನು ಮಾತ್ರ ಕಾಪಾಡುತ್ತದಲ್ಲ?” ಎಂದು ಕೆಲವರು ಕೇಳುತ್ತಾರೆ. ಮಾತ್ರೆಗೆ ಆ ವಿವೇಕವಿಲ್ಲ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಸಂಸ್ಥೆಯವರು 2008ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದನ್ನು ತೋರಿಸಿತು. ಅವರು ರಕ್ತದ ಮತ್ತು ದುಗ್ಧಗ್ರಂಥಿಯ ಕ್ಯಾನ್ಸರ್ ಜೀವಕೋಶಗಳಿಗೆ ಮೊದಲು ವಿಟಮಿನ್ ಸಿಯ ಒಂದು ರೂಪವನ್ನು ಉಣಿಸಿ, ಬಳಿಕ ಡಾಕ್ಸೊರುಬಿಸಿನ್ ಮೊದಲಾದ ಹಲವು ಔಷಧಿಗಳನ್ನು ಒಂದೊಂದಾಗಿ ಕೊಟ್ಟು ನೋಡಿದರು. ವಿಟಮಿನ್ ಸಿಕ್ಕಿದ ಜೀವಕೋಶಗಳಲ್ಲಿ ಎಲ್ಲ ಔಷಧಿಗಳ ಕೊಲ್ಲುವ ಶಕ್ತಿಯೂ ಕುಗ್ಗಿತು. ಕೆಲವು ಔಷಧಿಗಳು ಉಗ್ರ ಕಣಗಳನ್ನು ಅವಲಂಬಿಸದವು. ಅವುಗಳ ಬಲವೂ ಕುಗ್ಗಿದ್ದು ಗಮನಿಸಬೇಕಾದ ಸಂಗತಿ. ಜೀವಕೋಶಕ್ಕೆ ಶಕ್ತಿಯನ್ನೊದಗಿಸುವ ಮೈಟೊಕಾಂಡ್ರಿಯವನ್ನು ವಿಟಮಿನ್ ಕಾಪಾಡಿದ್ದೇ ಇದಕ್ಕೆ ಕಾರಣವೆಂದು ಅವರು ಕಂಡರು. ಅಂದರೆ ಶಕ್ತಿಮಾತ್ರೆ ಶತ್ರುವಿಗೂ ಶಕ್ತಿ ಕೊಟ್ಟಿತು.

ಇದು ಗಾಜಿನ ತಟ್ಟೆಯಲ್ಲಿ ಮತ್ತು ಇಲಿಗಳಲ್ಲಿ ನಡೆದ ಪ್ರಯೋಗ ಎಂಬುದನ್ನು ಮರೆಯಬಾರದು. ಮನುಷ್ಯರಲ್ಲಿಯೂ ಹೀಗೆಯೇ ಆಗುತ್ತದೆ ಎಂದು ಇದರಿಂದ ಮಾತ್ರ ತೀರ್ಮಾನಿಸಲಾಗದು. ಹಾಗಾದರೆ ಮನುಷ್ಯರಲ್ಲಿ ಕಂಡದ್ದೇನು?

ರೋಗಿಗಳಲ್ಲಿ ಕಂಡದ್ದು

ಕೆನಡಾ ದೇಶದ ಕ್ವಿಬೆಕ್‌ನಲ್ಲಿ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆಯುತ್ತಿದ್ದ 540 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 400 ಯೂನಿಟ್ ವಿಟಮಿನ್ ಇ ಕೊಟ್ಟರು. ಮೊದಮೊದಲು ಸೇರಿದವರಿಗೆ ಬೀಟಾ ಕ್ಯಾರೊಟಿನ್ ಕೂಡ ಕೊಟ್ಟರು. ಇನ್ನೊಂದು ಗುಂಪಿಗೆ ನೋಡಲು ಹಾಗೆಯೇ ಇರುವ, ಆದರೆ ಸತ್ತ್ವವಿಲ್ಲದ ಮಾತ್ರೆ. ಚಿಕಿತ್ಸೆಯ ತೊಂದರೆಗಳು ಕಡಿಮೆಯಾಗಲಿ ಎಂಬುದು ಅವರ ಆಸೆ. 2005ರಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡನ್ನೂ ತೆಗೆದುಕೊಂಡವರಲ್ಲಿ ತೀವ್ರವಾದ ತೊಂದರೆಗಳು ಕಡಿಮೆಯಾಗಿದ್ದುವು. ಆದರೆ ಅದೇ ಜಾಗದಲ್ಲಿ ಕ್ಯಾನ್ಸರ್ ಮರಳಿ ಬರುವುದು ಮಾತ್ರೆಯ ಗುಂಪಿನಲ್ಲಿ ಹೆಚ್ಚಾಗುವತ್ತ ವಾಲಿತ್ತು. 2008ರಲ್ಲಿ ಅದೇ ರೋಗಿಗಳ ವಿವರವನ್ನು ಮತ್ತೆ ಪರಿಶೀಲಿಸಿದಾಗ, ಚಿಕಿತ್ಸೆಯ ಕಾಲದಲ್ಲಿಯೂ ಧೂಮಪಾನ ಬಿಡದವರಲ್ಲಿ ಈ ಕೆಡುಕು ಸ್ಪಷ್ಟವಾಗಿ ಕಂಡಿತು.

ಇದರಲ್ಲಿ ನಾವು ಕಲಿಯಬೇಕಾದ ಪಾಠವೊಂದಿದೆ. “ಮಾತ್ರೆ ತೆಗೆದುಕೊಂಡ ಮೇಲೆ ಬಾಯಿಹುಣ್ಣು ಕಡಿಮೆಯಾಯಿತು, ಸುಸ್ತು ಕಡಿಮೆಯಾಯಿತು” ಎಂಬ ಮಾತನ್ನು ನಾವು ಒಳ್ಳೆಯ ಗುರುತೆಂದೇ ತಿಳಿಯುತ್ತೇವೆ. ಚಿಕಿತ್ಸೆಯ ಪೆಟ್ಟು ಒಳ್ಳೆಯ ಜೀವಕೋಶಕ್ಕೆ ಕಡಿಮೆ ತಾಗಿದ ಹಾಗೆ, ಕೆಟ್ಟ ಜೀವಕೋಶಕ್ಕೂ ಕಡಿಮೆ ತಾಗಿರಬಹುದು. ಇದನ್ನು ಮನೆಯಲ್ಲಿ ಕುಳಿತು ಕಂಡುಹಿಡಿಯುವ ಉಪಾಯವಿಲ್ಲ. ಹೊರಗೆ ಯಾವ ಲಕ್ಷಣವೂ ತೋರುವುದಿಲ್ಲ. ತೋರುವುದು ಮುಂದೆಂದೋ, ರೋಗ ಮರುಕಳಿಸಿದಾಗ.

ನಮ್ಮ ಉದಾಹರಣೆಯ ತಾಯಿಗೆ ಇನ್ನೂ ಹತ್ತಿರವಾದ ಅಧ್ಯಯನ 2019ರ ಕೊನೆಗೆ ಅಮೆರಿಕದಿಂದ ಪ್ರಕಟವಾಯಿತು. ಡಾಕ್ಸೊರುಬಿಸಿನ್, ಸೈಕ್ಲೋಫಾಸ್ಫಮೈಡ್ ಮತ್ತು ಪ್ಯಾಕ್ಲಿಟಾಕ್ಸೆಲ್ ಪಡೆದ 1,134 ಸ್ತನ ಕ್ಯಾನ್ಸರ್ ರೋಗಿಗಳನ್ನು, ಚಿಕಿತ್ಸೆಗೆ ಮುಂಚೆ ಮತ್ತು ಚಿಕಿತ್ಸೆಯ ಕಾಲದಲ್ಲಿ ಏನೇನು ಮಾತ್ರೆ ತಿಂದಿರಿ ಎಂದು ಕೇಳಿ ಬರೆದುಕೊಂಡು, ಬಳಿಕ ವರ್ಷಗಟ್ಟಲೆ ಅವರ ಆರೋಗ್ಯವನ್ನು ಗಮನಿಸಿದರು. ಎರಡೂ ಕಾಲದಲ್ಲಿ ಆಂಟಿಆಕ್ಸಿಡೆಂಟ್ ತಿಂದವರಲ್ಲಿ ರೋಗ ಮರುಕಳಿಸುವ ಸಂಭವ, ತಿನ್ನದವರಿಗಿಂತ ಸುಮಾರು ಶೇಕಡಾ 40ರಷ್ಟು ಹೆಚ್ಚಾಗಿ ಕಂಡಿತು. ಆದರೆ ಈ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದಾದ ಅಂಚಿನಲ್ಲಿತ್ತು. ವಿಟಮಿನ್ ಬಿ-12 ಮತ್ತು ಕಬ್ಬಿಣದ ಮಾತ್ರೆಗಳ ವಿಷಯದಲ್ಲಿ ಸಂಬಂಧ ಇನ್ನೂ ಸ್ಪಷ್ಟವಾಗಿತ್ತು. ಎಲ್ಲ ವಿಟಮಿನ್ನುಗಳೂ ಸ್ವಲ್ಪಸ್ವಲ್ಪ ಇರುವ ಸಾಮಾನ್ಯ ಮಲ್ಟಿವಿಟಮಿನ್ ಮಾತ್ರೆಯಲ್ಲಿ ಅಂತಹ ಕೆಡುಕು ಕಾಣಲಿಲ್ಲ.

ಈ ಅಧ್ಯಯನದಲ್ಲಿ ಮಾತ್ರೆ ತಿಂದವರು ತಾವಾಗಿಯೇ ತಿಂದವರು. ಯಾರೂ ಚೀಟಿ ಎತ್ತಿ ಗುಂಪು ಮಾಡಿದ್ದಲ್ಲ. ಆದುದರಿಂದ ಮಾತ್ರೆಯೇ ಕಾರಣವೆಂದು ಖಂಡಿತವಾಗಿ ಹೇಳುವಂತಿಲ್ಲ. ತೊಂದರೆ ಕಾಣದ ಅಧ್ಯಯನಗಳೂ ಇವೆ. ಒಟ್ಟಿನಲ್ಲಿ ನಾವು ಹೇಳಬಹುದಾದದ್ದು ಇಷ್ಟೆ: ದೊಡ್ಡ ಪ್ರಮಾಣದ ಆಂಟಿಆಕ್ಸಿಡೆಂಟಿನಿಂದ ಚಿಕಿತ್ಸೆಗೆ ಅಡ್ಡಿಯಾಗಬಹುದೆಂಬ ಸಂಶಯಕ್ಕೆ ಸಾಕಷ್ಟು ಆಧಾರವಿದೆ, ರೋಗ ಗುಣವಾಗಲು ಅದು ನೆರವಾಗುತ್ತದೆ ಎಂಬುದಕ್ಕೆ ಅಂತಹ ಆಧಾರವಿಲ್ಲ.

ಊಟವೇ ಬೇರೆ, ಮಾತ್ರೆಯೇ ಬೇರೆ

ಇದನ್ನು ಓದಿ ರೋಗಿಗೆ ಕಿತ್ತಳೆ, ಪೇರಳೆ, ಸೊಪ್ಪು ಕೊಡುವುದನ್ನು ಯಾರೂ ನಿಲ್ಲಿಸಬಾರದು. ಕೀಮೋ ಕಾಲದಲ್ಲಿ ಹೊಟ್ಟೆಗೆ ಹಿತವಾದ ಊಟ ಬೇಕೇ ಬೇಕು. ಪ್ರಶ್ನೆ ಇರುವುದು ಪ್ರಮಾಣದಲ್ಲಿ. ನಮ್ಮ ದೇಶದ ತಜ್ಞರು ಹೆಂಗಸರಿಗೆ ದಿನಕ್ಕೆ 65 ಮಿಲಿಗ್ರಾಂ ವಿಟಮಿನ್ ಸಿ ಸಾಕೆಂದು ಹೇಳಿದ್ದಾರೆ. ಒಂದು ಕಿತ್ತಳೆಯಿಂದಲೇ ಅದರ ಬಹುಪಾಲು ಸಿಗುತ್ತದೆ. ಅಂಗಡಿಯ ಚೀಪುವ ಮಾತ್ರೆ ಒಂದರಲ್ಲಿ 500 ಮಿಲಿಗ್ರಾಂ ಇರುತ್ತದೆ. ವಿಟಮಿನ್ ಇ ದಿನಕ್ಕೆ ಸುಮಾರು 15 ಮಿಲಿಗ್ರಾಂ ಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಹಸಿರು ಕ್ಯಾಪ್ಸೂಲಿನಲ್ಲಿ 400 ಮಿಲಿಗ್ರಾಂ ಇದೆ.

ಅರಸಿನದ ಮಾತೂ ಹೀಗೆಯೇ. ಸಾರಿಗೆ ಹಾಕುವ ಒಂದು ಚಮಚ ಅರಸಿನ ಸುಮಾರು 3 ಗ್ರಾಂ. ಅದರಲ್ಲಿ ಕರ್ಕ್ಯುಮಿನ್ ನೂರಕ್ಕೆ ಮೂರರಷ್ಟು, ಅಂದರೆ 90 ಮಿಲಿಗ್ರಾಂ. ಅದೂ ಮನೆಮಂದಿಗೆಲ್ಲ ಹಂಚಿಹೋಗುತ್ತದೆ. ಕರ್ಕ್ಯುಮಿನ್ ಕ್ಯಾಪ್ಸೂಲು ಒಂದರಲ್ಲಿಯೇ 500 ಮಿಲಿಗ್ರಾಂ ಇರುವುದುಂಟು. ರಕ್ತಕ್ಕೆ ಚೆನ್ನಾಗಿ ಸೇರಲೆಂದು ಅದಕ್ಕೆ ಕರಿಮೆಣಸಿನ ಸಾರವನ್ನೂ ಬೆರೆಸುತ್ತಾರೆ. ಈ ಸಾರ ಬೇರೆ ಔಷಧಿಗಳು ದೇಹದಲ್ಲಿ ಕರಗುವ ವೇಗವನ್ನೂ ಬದಲಾಯಿಸಬಲ್ಲುದು. 2002ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸ್ತನ ಕ್ಯಾನ್ಸರ್ ಗಡ್ಡೆಯಿದ್ದ ಇಲಿಗಳಿಗೆ ಆಹಾರದಲ್ಲಿ ಕರ್ಕ್ಯುಮಿನ್ ಬೆರೆಸಿ ಕೊಟ್ಟಾಗ, ಸೈಕ್ಲೋಫಾಸ್ಫಮೈಡಿನಿಂದ ಕುಗ್ಗಬೇಕಾಗಿದ್ದ ಗಡ್ಡೆ ಅಷ್ಟಾಗಿ ಕುಗ್ಗಲಿಲ್ಲ. ನಮ್ಮ ತಾಯಿಗೆ ಕೊಡುತ್ತಿರುವುದೂ ಅದೇ ಔಷಧಿ ಎಂಬುದನ್ನು ನೆನಪಿಡಿ. ಅತಿಯಾದರೆ ಅಮೃತವೂ ವಿಷ ಎಂದು ಹಿರಿಯರು ಹೇಳಿದ್ದು ಸುಮ್ಮನಲ್ಲ.

“ಕೀಮೋ ಕೊಡುವ ದಿನ ಮಾತ್ರ ಬಿಟ್ಟರಾಯಿತು” ಎಂಬ ಸಮಾಧಾನವೂ ಸಲ್ಲದು. ಡಾಕ್ಸೊರುಬಿಸಿನ್ ದೇಹದಲ್ಲಿ ಕೆಲವು ದಿನ ಇರುತ್ತದೆ. ವಿಟಮಿನ್ ಇ ಕೊಬ್ಬಿನಲ್ಲಿ ಕರಗುವಂತಹುದಾದ್ದರಿಂದ ಮಾತ್ರೆ ನಿಲ್ಲಿಸಿದ ಮೇಲೂ ಬಹಳ ದಿನ ಒಳಗೆ ಉಳಿಯುತ್ತದೆ.

ವೈದ್ಯರಿಗೇ ಏಕೆ ಹೇಳಬೇಕು?

“ಹಾಗಾದರೆ ಎಲ್ಲ ವಿಟಮಿನ್ನುಗಳನ್ನೂ ನಿಲ್ಲಿಸಿಬಿಟ್ಟರಾಯಿತಲ್ಲ, ಕೇಳುವುದೇಕೆ?” ಎಂದರೆ ಅದೂ ಸರಿಯಲ್ಲ. ಫೋಲಿಕ್ ಆಮ್ಲ ಎಂಬ ವಿಟಮಿನ್ನನ್ನೇ ನೋಡಿ. ಮೆಥೊಟ್ರೆಕ್ಸೇಟ್ ಎಂಬ ಕ್ಯಾನ್ಸರ್ ಔಷಧಿ, ಜೀವಕೋಶವು ಫೋಲಿಕ್ ಆಮ್ಲವನ್ನು ಬಳಸದಂತೆ ತಡೆದು ಅದನ್ನು ಕೊಲ್ಲುತ್ತದೆ. ಅಲ್ಲಿ ನಾವಾಗಿ ಆ ವಿಟಮಿನ್ ಕೊಟ್ಟರೆ ಔಷಧಿಯ ಬಲ ತಗ್ಗಬಹುದು. ಶ್ವಾಸಕೋಶದ ಕ್ಯಾನ್ಸರಿಗೆ ಕೊಡುವ ಪೆಮೆಟ್ರೆಕ್ಸೆಡ್ ಎಂಬ ಔಷಧಿಯೂ ಅದೇ ಜಾತಿಯದು. ಆದರೆ ಅಲ್ಲಿ ಚಿಕಿತ್ಸೆಗೆ ಸುಮಾರು ಒಂದು ವಾರ ಮೊದಲಿನಿಂದಲೇ ದಿನವೂ ಅಲ್ಪ ಪ್ರಮಾಣದ ಫೋಲಿಕ್ ಆಮ್ಲವನ್ನೂ, ಬಿ-12 ಇಂಜೆಕ್ಷನ್ನನ್ನೂ ವೈದ್ಯರೇ ಕೊಡುತ್ತಾರೆ. ಕೊಡದಿದ್ದರೆ ರೋಗಿಯ ರಕ್ತಕಣಗಳು ಅಪಾಯಕಾರಿಯಾಗಿ ಇಳಿಯಬಹುದು. ಒಂದೇ ವಿಟಮಿನ್, ಒಂದು ಕಡೆ ಬೇಡ, ಇನ್ನೊಂದು ಕಡೆ ಬೇಕೇ ಬೇಕು. ಇದನ್ನು ತೀರ್ಮಾನಿಸಲು ಔಷಧಿಯ ಹೆಸರು, ಪ್ರಮಾಣ, ರಕ್ತಪರೀಕ್ಷೆ ಎಲ್ಲವೂ ಗೊತ್ತಿರಬೇಕು. ಅವೆಲ್ಲವೂ ಒಟ್ಟಾಗಿ ಗೊತ್ತಿರುವುದು ಚಿಕಿತ್ಸೆ ಕೊಡುವ ಕ್ಯಾನ್ಸರ್ ತಜ್ಞರಿಗೆ. ಊರಿನ ಡಾಕ್ಟರು, ಅಂಗಡಿಯವರು ಎಷ್ಟೇ ಒಳ್ಳೆಯವರಾದರೂ ಅವರ ಮುಂದೆ ಆ ವಿವರವೆಲ್ಲ ಇರುವುದಿಲ್ಲ.

ಇನ್ನೊಂದು ಕಾರಣವೂ ಇದೆ. ಡಾಕ್ಸೊರುಬಿಸಿನ್ನನ್ನು ದೇಹದಿಂದ ಹೊರಹಾಕುವ ಮುಖ್ಯ ಕೆಲಸ ಯಕೃತ್ತಿನದು. ಕೆಲವು ಅರಸಿನದ ಮತ್ತು ಅಶ್ವಗಂಧದ ಮಾತ್ರೆಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಸಂಗಗಳು ದಾಖಲಾಗಿವೆ. ರಕ್ತಪರೀಕ್ಷೆಯಲ್ಲಿ ಯಕೃತ್ತಿನ ಅಂಶ ಏರಿ ಕಂಡರೆ ವೈದ್ಯರು ಕೀಮೋವನ್ನು ಮುಂದೂಡಬೇಕಾಗುತ್ತದೆ ಅಥವಾ ಪ್ರಮಾಣ ಇಳಿಸಬೇಕಾಗುತ್ತದೆ. ಮನೆಯ ಮಾತ್ರೆಯ ಸಂಗತಿ ಗೊತ್ತಿಲ್ಲದಿದ್ದರೆ ಅವರು ಕಾರಣವನ್ನು ಬೇರೆಲ್ಲೋ ಹುಡುಕುತ್ತಾರೆ.

ವಿದ್ಯಾರ್ಥಿಗಳು ಮಾಡಬಹುದಾದದ್ದು

ಈಗ ನಮ್ಮ ಉದಾಹರಣೆಯ ಮನೆಗೇ ಹೋಗೋಣ. ಎರಡನೆಯ ಕೀಮೋಗೆ ಇನ್ನು ಮೂರು ದಿನ ಇದೆ. ಒಂಬತ್ತನೆಯ ತರಗತಿಯ ಮಗಳು ಒಂದು ಹಾಳೆ ತೆಗೆದುಕೊಂಡು, ತಾಯಿ ನುಂಗುವ, ಕುಡಿಯುವ, ಕಲಸಿ ತಿನ್ನುವ ಪ್ರತಿಯೊಂದು ವಸ್ತುವನ್ನೂ ಬರೆಯುತ್ತಾಳೆ. ಡಬ್ಬದ ಮುಂಭಾಗದ ಹೆಸರು ಸಾಲದು; ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿರುವುದೇ ಮುಖ್ಯ. ಅಲ್ಲಿ ‘ಆಸ್ಕಾರ್ಬಿಕ್ ಆಸಿಡ್’ ಎಂದಿದ್ದರೆ ಅದು ವಿಟಮಿನ್ ಸಿ. ‘ಟೋಕೊಫೆರಾಲ್’ ಎಂದಿದ್ದರೆ ವಿಟಮಿನ್ ಇ.

ಅವಳ ಪಟ್ಟಿ ಹೀಗಾಗುತ್ತದೆ: ಅಣ್ಣ ದುಬೈಯಿಂದ ಕಳುಹಿಸಿದ ಡಬ್ಬ, ಒಂದು ಮಾತ್ರೆಯಲ್ಲಿ ವಿಟಮಿನ್ ಸಿ 1,000 ಮಿಲಿಗ್ರಾಂ, ದಿನಕ್ಕೊಂದು, ಹದಿನೈದು ದಿನಗಳಿಂದ. ದೊಡ್ಡಮ್ಮ ಕೊಟ್ಟ ವಿಟಮಿನ್ ಇ 400 ಮಿಲಿಗ್ರಾಂ, ರಾತ್ರಿ ಒಂದು, ಕೂದಲು ಉದುರದಿರಲೆಂದು. ಕರ್ಕ್ಯುಮಿನ್ ಕ್ಯಾಪ್ಸೂಲು, ದಿನಕ್ಕೆ ಎರಡು. ಹಾಲಿಗೆ ಬೆರೆಸುವ ಪ್ರೋಟೀನ್ ಪುಡಿ, ಎರಡು ಚಮಚ. ಊರಿನ ವೈದ್ಯರು ಹಿಂದೆಯೇ ಬರೆದುಕೊಟ್ಟ ಕಬ್ಬಿಣದ ಮಾತ್ರೆ. ವಾಡಿಕೆಯ ಬಿ.ಪಿ. ಮಾತ್ರೆ. ಮನೆಯಲ್ಲಿ ಕಾಯಿಸುವ ಕಷಾಯ ಮತ್ತು ಅದಕ್ಕೆ ಹಾಕುವ ಸೊಪ್ಪು ಬೇರುಗಳ ಹೆಸರು.

ಈ ಪಟ್ಟಿಯನ್ನೂ ಸಾಧ್ಯವಾದರೆ ಡಬ್ಬಗಳನ್ನೂ ಚೀಲದಲ್ಲಿ ಹಾಕಿ ಆಸ್ಪತ್ರೆಗೆ ಒಯ್ಯಬೇಕು. ತಾವಾಗಿ ಕೊಂಡ ಅಥವಾ ಯಾರೋ ಕೊಟ್ಟ ಶಕ್ತಿಮಾತ್ರೆಗಳನ್ನು ವೈದ್ಯರು ನೋಡಿ ಹೇಳುವ ತನಕ ತೆಗೆದಿರಿಸಬೇಕು. ಬಿ.ಪಿ. ಮಾತ್ರೆಯಂತಹ, ವೈದ್ಯರೇ ಬರೆದುಕೊಟ್ಟ ಔಷಧಿಗಳನ್ನು ಮಾತ್ರ ತಾವಾಗಿ ನಿಲ್ಲಿಸಬಾರದು. ಕಬ್ಬಿಣದ ಮಾತ್ರೆಯ ವಿಷಯವನ್ನು ಫೋನು ಮಾಡಿಯಾದರೂ ಕೇಳಬೇಕು. ಕೀಮೋ ಕಾಲದ ರಕ್ತಹೀನತೆ ಕಬ್ಬಿಣದ ಕೊರತೆಯಿಂದಲೇ ಆಗಿರಬೇಕೆಂದಿಲ್ಲ; ಔಷಧಿಯು ಅಸ್ಥಿಮಜ್ಜೆಯನ್ನು ಕುಗ್ಗಿಸಿದ್ದರಿಂದಲೂ ಆಗಿರಬಹುದು.

ಮಂಗಳೂರಿನ ಆಸ್ಪತ್ರೆಯಾದರೆ ಕನ್ನಡದಲ್ಲಿಯೋ ತುಳುವಿನಲ್ಲಿಯೋ ಹೇಳಬಹುದು. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೋ ತಿರುವನಂತಪುರಕ್ಕೋ ಹೋದಾಗ ನಮ್ಮ ತಾಯಂದಿರು ಮಾತು ಬಾರದೆ ತಲೆಯಾಡಿಸಿ ಸುಮ್ಮನಾಗುವುದುಂಟು. ಅಲ್ಲಿ ಬರೆದ ಪಟ್ಟಿಯೇ ಅವರ ಪರವಾಗಿ ಮಾತನಾಡುತ್ತದೆ. ಮಲಯಾಳ ಬಲ್ಲ ಮಕ್ಕಳು ಜೊತೆಗಿದ್ದರೆ, “ಈ ಮಾತ್ರೆಗಳನ್ನು ಈ ಚಿಕಿತ್ಸೆಯ ಜೊತೆ ಕೊಡಬಹುದೇ? ಎಂದಿನವರೆಗೆ ನಿಲ್ಲಿಸಬೇಕು?” ಎಂಬ ಎರಡು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಅದೇ ಹಾಳೆಯಲ್ಲಿ ಬರೆದುಕೊಳ್ಳಬೇಕು.

ಇಷ್ಟರವರೆಗೆ ತಿಂದುಬಿಟ್ಟಿದ್ದರೆ ವೈದ್ಯರು ಗದರಿಸಿಯಾರೆಂಬ ಅಂಜಿಕೆಯಿಂದ ಮುಚ್ಚಿಡಬಾರದು. ಕೊಟ್ಟವರಿಗೆ ಬೇಸರವಾದೀತೆಂಬ ದಾಕ್ಷಿಣ್ಯವೂ ಬೇಡ. ದೊಡ್ಡಮ್ಮನಿಗೆ, “ಕೀಮೋ ಮುಗಿಯಲಿ, ಡಾಕ್ಟ್ರು ಹೇಳಿದ ಮೇಲೆ ಕೊಡುವಾ” ಎಂದರೆ ಅವರು ಒಪ್ಪದಿರಲಾರರು. ವೈದ್ಯನಲ್ಲಿಯೂ ವಕೀಲನಲ್ಲಿಯೂ ಏನನ್ನೂ ಮುಚ್ಚಿಡಬೇಡ ಎಂಬ ಹಳೆಯ ಮಾತಿಗೆ ಈ ಶಕ್ತಿಮಾತ್ರೆಯ ಡಬ್ಬವನ್ನೂ ಸೇರಿಸಿಕೊಳ್ಳೋಣ.